ಐವತ್ತು ಸೆಕೆಂಡು ಕಾದವನು

ಬೆಳಗಿನಿಂದ ಅವನು ಪೆಲೊಟಾನ್ ಎಂದರೇನೆಂದು ಹನ್ನೊಂದು ಸಲ ಹೇಳಿ ಮುಗಿಸಿದ್ದ. ಹನ್ನೆರಡನೆಯದಕ್ಕೆ ಹೆಡ್‌ಫೋನಿನಲ್ಲಿ ಪ್ರೊಡ್ಯೂಸರಮ್ಮ ಆಗಲೇ ವರಾತ ಹಚ್ಚಿದ್ದಳು.

"ಹೇಳಿ ಇಪ್ಪತ್ತು ನಿಮಿಷ ಆಯ್ತು ಸರ್. ಹೊಸಬರು ಟೀವಿ ಹಾಕಿರ್ತಾರೆ. ಹದಿನೈದೇ ಸೆಕೆಂಡು."

ರೇಸು ನಡೆಯುತ್ತಿದ್ದದ್ದು ದೂರದ ಬೆಟ್ಟಗಳಲ್ಲಿ. ಕಾಮೆಂಟರಿ ಮಾತ್ರ ಕಿಟಕಿಯಿಲ್ಲದ ಈ ಸ್ಟುಡಿಯೋ ಗೂಡಿನಲ್ಲಿ, ಎರಡು ಪರದೆಗಳ ಮುಂದೆ. ಐದು ಗಂಟೆ ಕೂತು ಸೊಂಟ ಹಿಡಿದುಕೊಂಡಿತ್ತು. ಹನ್ನೊಂದು ವರ್ಷ ಸೈಕಲ್ ರೇಸಿನಲ್ಲಿ ಸವೆದ ಸೊಂಟ ಬೇರೆ.

"ಈ ದೊಡ್ಡ ಗುಂಪೇ ಪೆಲೊಟಾನ್," ಎಂದು ಶುರು ಮಾಡಿದ. "ಮುಂದಿನೋನು ಗಾಳಿಗೆ ಎದೆ ಕೊಡ್ತಾನೆ, ಹಿಂದಿನೋನು ಅವನ ಮರೆಯಲ್ಲಿ ಬರ್ತಾನೆ. ಅದು ಡ್ರಾಫ್ಟಿಂಗ್. ಮರೆಯಲ್ಲಿರೋನಿಗೆ ಮೂರರಲ್ಲಿ ಒಂದು ಪಾಲು ಶ್ರಮ ಉಳಿಯುತ್ತೆ. ಗುಂಪು ಬಿಟ್ಟು ಮುಂದೆ ಓಡಿರೋ ಆ ಮೂವರು ಬ್ರೇಕ್‌ಅವೇ. ಮೂರೇ ಜನ ಸರದಿ ಮೇಲೆ ಗಾಳಿ ತಿನ್ನಬೇಕು. ಅದಕ್ಕೇ ಇಂಥವರು ಬಹಳ ಸಲ ಸಿಕ್ಕಿಬೀಳ್ತಾರೆ."

ಪಕ್ಕದಲ್ಲಿ ಕೂತ ನಿರೂಪಕಿ ಹನ್ನೆರಡನೇ ಸಲವೂ "ಓಹೋ, ಹಾಗಾ!" ಎಂದಳು. ಅವಳಿಗೆ ಸಂಬಳ ಕೊಡುತ್ತಿದ್ದದ್ದೇ ಅದಕ್ಕೆ, ಪಾಪ.

ಮೊಬೈಲು ಮಿನುಗಿತು. ತಂಗಿಯ ಮೆಸೇಜು: "ಅಪ್ಪ ನೋಡ್ತಿದ್ದಾರೆ. ಚಾನೆಲ್ ಬದಲಾಯಿಸ್ಬೇಡ ಅಂದ್ರು."

 ಹತ್ತೊಂಬತ್ತು ವರ್ಷಗಳಿಂದ ಅಪ್ಪ ಸೈಕಲ್ ರೇಸು ನೋಡಿರಲಿಲ್ಲ. ಈಗ ಕಾಲು ಮುರಿದುಕೊಂಡು ಮಗನ ಮನೆಯಲ್ಲೇ ಮಲಗಿದ್ದರು. ಕೊನೆಯ ಸಲ ನೋಡಿದಾಗ ಇಡೀ ಬೀದಿಯನ್ನು ಟೀವಿ ಮುಂದೆ ಕೂರಿಸಿದ್ದರು, ಮಗ ಬ್ರೇಕ್‌ಅವೇಯಲ್ಲಿದ್ದ ಎಂದು. ಗೆಲುವಿನ ಗೆರೆ ಇನ್ನೇನು ಹತ್ತಿರವಿದೆ ಎನ್ನುವಾಗ ಮಗ ಪೆಡಲು ತುಳಿಯುವುದನ್ನೇ ನಿಲ್ಲಿಸಿದ. ಹಿಂದಿನಿಂದ ಬರುತ್ತಿದ್ದ ನಾಯಕನಿಗೆ ಕಾಯಬೇಕೆಂದು ತಂಡದ ಕಾರಿನಿಂದ ಆಜ್ಞೆಯಾಗಿತ್ತು. ಅಪ್ಪನಿಗೆ ಅದೆಲ್ಲಿ ಗೊತ್ತು? ಮನೆಗೆ ಬಂದ ಮಗನಿಗೆ, "ಗೆಲ್ಲೋ ಹೊತ್ತಲ್ಲಿ ಕೈಚೆಲ್ಲಿಬಿಟ್ಯಲ್ಲೋ," ಎಂದಷ್ಟೇ ಹೇಳಿದರು. ಮಗನಿಗೂ ಮೂಗಿನ ತುದಿಯಲ್ಲೇ ಸಿಟ್ಟು. ಬಾಯಿಬಿಡಲಿಲ್ಲ. ಆಮೇಲೆ ಹೇಳಲು ಹೊತ್ತು ಮೀರಿತ್ತು, ಅಥವಾ ಹಾಗೆಂದು ಇಬ್ಬರೂ ಅಂದುಕೊಂಡರು.

ಪರದೆಯ ಮೇಲೆ ಈಗ ಕೊನೆಯ ಏರು ಮುಗಿದಿತ್ತು. ಒಬ್ಬ ತಂಡನಾಯಕ ಪೆಲೊಟಾನನ್ನು ಕೊಡವಿ ಒಂಟಿಯಾಗಿ ಬರುತ್ತಿದ್ದ. ಮುಂದಿದ್ದದ್ದು ಇಪ್ಪತ್ತು ಕಿಲೋಮೀಟರ್ ಬಟಾಬಯಲು, ಎದುರುಗಾಳಿ. ಅವನಿಗಿಂತ ಐವತ್ತು ಸೆಕೆಂಡು ಮುಂದಿದ್ದ ಮೂವರಲ್ಲಿ ಒಬ್ಬ ಕಿವಿಯ ರೇಡಿಯೋ ಒತ್ತಿ ಹಿಡಿದ. ನೆಟ್ಟಗೆ ಕೂತ. ಪೆಡಲು ನಿಲ್ಲಿಸಿದ.

"ಅಯ್ಯೋ, ಪಾಪ! ಕಾಲು ಸೋತುಹೋಯ್ತು," ಎಂದಳು ನಿರೂಪಕಿ.

"ಹೂಂ ಅಂದ್ಬಿಡಿ ಸರ್," ಎಂದಳು ಪ್ರೊಡ್ಯೂಸರಮ್ಮ ಕಿವಿಯಲ್ಲಿ. "ಹತ್ತು ಸೆಕೆಂಡಿಗೆ ಜಾಹೀರಾತು."

ಹೂಂ ಅನ್ನುವಷ್ಟೇ ತ್ರಾಣ ಅವನಲ್ಲಿ ಉಳಿದಿತ್ತು.

"ಇಲ್ಲ," ಎಂದ. "ಸೋತಿಲ್ಲ. ಸುಸ್ತಾದೋನು ಹೀಗೆ ಹಿಂದೆ ತಿರುಗಿ ತಿರುಗಿ ನೋಡಲ್ಲ. ಅವನ ನಾಯಕ ಒಂಟಿಯಾಗಿ ಗಾಳಿಗೆ ಸಿಕ್ಕಿದ್ದಾನೆ. ಇವನು ಕಾದು ನಿಂತು, ಅವನ ಮುಂದೆ ಹೋಗಿ ಗಾಳಿಗೆ ಮರೆ ಕೊಡ್ತಾನೆ. ನಾಯಕನಿಗೆ ಹಲವು ದಿನಗಳ ಈ ಇಡೀ ರೇಸು ಸಿಗಬಹುದು. ಇವನಿಗೆ ಇವತ್ತಿನ ಗೆಲುವೂ ಇಲ್ಲ."

"ಸರ್, ಜಾಹೀರಾತು!"

"ತಂಡ ಹೇಳಿದ್ಮೇಲೆ ನಿಲ್ಲಲೇಬೇಕು. ಕಾಲಲ್ಲಿ ಇನ್ನೂ ಬಲ ಇರುತ್ತೆ. ಅದೇ ಕಷ್ಟ. ಬಲ ಇಟ್ಟುಕೊಂಡು ನಿಲ್ಲೋದು..."  ಮೈಕನ್ನು ಬದಿಗೆ ಸರಿಸಿದ. ನಿರೂಪಕಿ ಈ ಸಲ ಓಹೋ ಎನ್ನಲಿಲ್ಲ.

ಅವನ ಮಾತು ಅರ್ಧ ಜಾಹೀರಾತನ್ನು ನುಂಗಿತು. ರೇಸು ಮುಗಿದ ಮೇಲೆ ಪ್ರೊಡ್ಯೂಸರಮ್ಮ ಅವನಿಗೆ ಸಹಸ್ರನಾಮಾರ್ಚನೆ ಮಾಡಿದಳು.  ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಮನೆ ಸೇರಿದ.

ಅಪ್ಪ ದಿಂಬಿಗೊರಗಿ ಕೂತಿದ್ದರು, ಟೀವಿ ಆರಿತ್ತು. ಅವನು ಬೂಟು ಬಿಚ್ಚುತ್ತಾ ಅವರ ಮುಖ ನೋಡಲಿಲ್ಲ.

"ಆ ಕಾದು ನಿಂತ ಹುಡುಗ," ಎಂದರು ಅಪ್ಪ. "ಅವನಿಗೇನು ಕೊಟ್ರು?"

"ಏನೂ ಇಲ್ಲಪ್ಪ."

ಅಪ್ಪ ಪ್ಲಾಸ್ಟರಿನ ಅಂಚನ್ನು ಉಗುರಿನಿಂದ ಕೆರೆದರು.

"ಅವರಪ್ಪನೂ ಎಲ್ಲೋ ಕೂತು ನೋಡಿರ್ತಾನಲ್ಲೋ," ಎಂದರು ಕೊನೆಗೆ. "ಅವನಿಗೆ ಯಾರಾದ್ರೂ ಹೇಳಿದ್ರಾ?"

ಒಂದು ಬೂಟು ಕೈಯಲ್ಲೇ ಉಳಿಯಿತು. ಊರಿಗೆಲ್ಲ ಹನ್ನೆರಡು ಸಲ ಬಿಡಿಸಿ ಹೇಳಿದವನು ಈ ಒಬ್ಬರಿಗೆ ಹತ್ತೊಂಬತ್ತು ವರ್ಷ ಹೇಳಿರಲಿಲ್ಲ. ಹೋಗಿ ಮಂಚದ ತುದಿಯಲ್ಲಿ ಕೂತ. ಅಪ್ಪ ನಿಧಾನಕ್ಕೆ ಮುರಿದ ಕಾಲನ್ನು ಸರಿಸಿ ಅವನಿಗೆ ಇನ್ನಷ್ಟು ಜಾಗ ಮಾಡಿದರು.