ಲಗೂ ತುಂಬಿದ ತೊಟ್ಟಿ

ಇನ್ಸ್‌ಪೆಕ್ಟರ್ ಸೈಫುದ್ದೀನ ಸಾಹೇಬರು ವಿಜಾಪುರದಿಂದ ಬಬಲೇಶ್ವರದ ಶಾಲೆಗೆ ಪಾಠ ನೋಡಲು ಬರುತ್ತಾರೆಂದು ಗೊತ್ತಾದ ದಿನದಿಂದ ಗೊಲ್ಲಾಳಪ್ಪ ಮಾಸ್ತರನಿಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಎಪ್ಪತ್ನಾಲ್ಕನೇ ಇಸವಿಯ ಮಾತು. ಅವನದು ಹಂಗಾಮಿ ನೌಕರಿ. ಸಾಹೇಬರು ಒಂದು ಒಳ್ಳೆಯ ಮಾತು ಬರೆದರೆ ಕಾಯಂ, ಇಲ್ಲದಿದ್ದರೆ ತನ್ನೂರು ಕಳ್ಳಕವಟಗಿಗೆ ಮರಳಿ ಅಪ್ಪನ ಕುರಿಗಳ ಹಿಂದೆ ನಡೆಯಬೇಕು. ಕುರಿ ಕಾಯುವುದು ಕೀಳೆಂದಲ್ಲ, ಓದಿ ಕೆಟ್ಟವನನ್ನು ಕುರಿಗಳೂ ಲೆಕ್ಕಕ್ಕಿಡುವುದಿಲ್ಲ ಎಂಬುದು ಅವನ ಅಂಜಿಕೆ.

ಅದಕ್ಕೇ ಏಳನೇ ಇಯತ್ತೆಯ ಮಕ್ಕಳಿಗೆ ಹಳೆಯ ಮಾಸ್ತರರೆಲ್ಲ ಮಾಡುತ್ತಿದ್ದ ಯುಕ್ತಿಯನ್ನೇ ಹೇಳಿಕೊಟ್ಟ. ಪ್ರಶ್ನೆ ಕೇಳಿದಾಗ ಎಲ್ಲರೂ ಕೈ ಎತ್ತಬೇಕು. ತಿಳಿದವರು ಬಲಗೈ, ತಿಳಿಯದವರು ಎಡಗೈ. ಎಡಗೈಯವರನ್ನು ತಾನು ಎಬ್ಬಿಸುವುದೇ ಇಲ್ಲ. ನೋಡುವವರಿಗೆ ಇಡೀ ವರ್ಗ ಜಾಣರ ಸಂತೆಯಾಗಿ ಕಾಣಬೇಕು. ತಾನು ಕಾಯಂ ಆಗುವುದು ಅವರ ಕೈಯಲ್ಲಿದೆ ಎಂದೂ ಹೇಳಿಬಿಟ್ಟ. ಅದನ್ನು ಹೇಳಬಾರದಿತ್ತು.

ಪಾಠ ನಳ ಮತ್ತು ತೊಟ್ಟಿಯ ಲೆಕ್ಕದ್ದು. ಎರಡೂ ನಳ ತುಂಬುವಂಥ ಲೆಕ್ಕವನ್ನು ವಾರವಿಡೀ ಮಾಡಿಸಿ ಮಾಡಿಸಿ ಮಕ್ಕಳಿಗೆ ಕಂಠಪಾಠವಾಗಿತ್ತು. ಆದರೆ ಸಾಹೇಬರು ಕುರ್ಚಿಯಲ್ಲಿ ಕುಳಿತವರೇ, ಬರೀ ತುಂಬೂದಷ್ಟೇ ಯಾಕೆ, ಒಂದು ನಳ ಖಾಲಿ ಮಾಡೂದಿರಲಿ ಎಂದರು. ಗೊಲ್ಲಾಳಪ್ಪ ಹಲಗೆಯ ಮೇಲೆ ಬರೆದ: ಒಂದು ನಳ ತೊಟ್ಟಿಯನ್ನು ನಾಲ್ಕು ತಾಸಿನಲ್ಲಿ ತುಂಬುತ್ತದೆ, ಇನ್ನೊಂದು ತುಂಬಿದ ತೊಟ್ಟಿಯನ್ನು ಆರು ತಾಸಿನಲ್ಲಿ ಖಾಲಿ ಮಾಡುತ್ತದೆ, ಎರಡನ್ನೂ ಒಟ್ಟಿಗೆ ಬಿಟ್ಟರೆ ಖಾಲಿ ತೊಟ್ಟಿ ತುಂಬಲು ಎಷ್ಟು ಹೊತ್ತು?

ತಾಸಿಗೆ ನಾಲ್ಕರಲ್ಲೊಂದು ಪಾಲು, ಆರರಲ್ಲೊಂದು ಪಾಲು. ವಾರದ ರೂಢಿಯಲ್ಲಿ ಕೈ ತಾನಾಗಿಯೇ ನಡುವೆ ಕೂಡುವ ಗುರುತು ಹಾಕಿತು. ಹನ್ನೆರಡರಲ್ಲಿ ಐದು ಪಾಲು ಬಂತು. ಹನ್ನೆರಡನ್ನು ಐದರಿಂದ ಭಾಗಿಸಿ, ಎರಡು ತಾಸು ಇಪ್ಪತ್ನಾಲ್ಕು ನಿಮಿಷ ಎಂದು ಬರೆದು ಅಡಿಗೆರೆ ಎಳೆದ. ಸಾಹೇಬರು ಇತಿಹಾಸ ಓದಿದವರು, ಅಂಕಿಗಳ ಗೊಡವೆಗೆ ಹೋಗದೆ ಮೆಚ್ಚಿ ತಲೆಯಾಡಿಸಿದರು.

ತಿಳಿಯಿತೇ ಎಂದು ಕೇಳಿದ. ಕೈಗಳೆಲ್ಲ ಎದ್ದವು, ಎಲ್ಲವೂ ಬಲಗೈ. ಮಲಕವ್ವನದೊಂದೇ ಎಡಗೈ.

ಮಲಕವ್ವ ವರ್ಗಕ್ಕೇ ಮೊದಲಿನವಳು. ಹುಡುಗಿ ಗಡಿಬಿಡಿಯಲ್ಲಿ ಕೈ ಮರೆತಳೆಂದುಕೊಂಡ. ಆಕೆ ಹಲಗೆಯನ್ನೇ ನೋಡುತ್ತಿದ್ದಳು, ಅವನೂ ತಿರುಗಿದ. ತುಂಬುವ ನಳವೊಂದನ್ನೇ ಬಿಟ್ಟರೂ ನಾಲ್ಕು ತಾಸು ಬೇಕು. ನೀರು ಹೊರಗೆ ಹರಿಯುತ್ತಿದ್ದರೂ ಎರಡೂವರೆ ತಾಸಿನೊಳಗೇ ತುಂಬಿದೆ! ಕಳೆಯಬೇಕಾದಲ್ಲಿ ಗೊಲ್ಲಾಳಪ್ಪ ಕೂಡಿಬಿಟ್ಟಿದ್ದ.

ಸಾಹೇಬರು ಆಗಲೇ ಪೆನ್ನಿನ ಟೊಪ್ಪಿಗೆ ತೆಗೆದಿದ್ದರು. ಹಲಗೆ ಒರೆಸಿಬಿಟ್ಟರೆ ಕೆಲಸ ಮುಗಿಯುತ್ತಿತ್ತು. ಒರೆಸುವ ಆಸೆ ಅವನಿಗೆ ಬಹಳವೇ ಆಯಿತು. ಆದರೆ ಇದೇ ಲೆಕ್ಕ ಮಕ್ಕಳ ಪಾಟಿಯ ಮೇಲೆ ಇಳಿದಿತ್ತು. ಆಕೆಯೇ ಹೇಳಲಿ, ತಾನು ಒಪ್ಪಿಕೊಳ್ಳುವುದು ಹಗುರಾದೀತೆಂದು ಮಲಕವ್ವನನ್ನು ಎಬ್ಬಿಸಿದ.

"ಉತ್ತರ ಎಷ್ಟು ಬೇ?"

ಹುಡುಗಿ ಸಾಹೇಬರ ಪೆನ್ನು ನೋಡಿದಳು, ಮಾಸ್ತರನ ಮುಖ ನೋಡಿದಳು.

"ಎರಡು ತಾಸು ಇಪ್ಪತ್ನಾಲ್ಕು ನಿಮಿಷರಿ."

ಸಾಹೇಬರು ಶಾಬಾಸ್ ಎಂದರು. ಗೊಲ್ಲಾಳಪ್ಪ ಒರೆಸುವ ಬಟ್ಟೆ ಕೈಗೆತ್ತಿಕೊಂಡ. ಗೊತ್ತಿದ್ದವಳ ಬಾಯಿಂದ ತಪ್ಪು ಹೇಳಿಸಿದ್ದು ತಾನೇ. ಅದು ತಪ್ಪು ಎಂದು ಗಟ್ಟಿಯಾಗಿ ಹೇಳಿ, ಕೂಡುವ ಗುರುತನ್ನು ಒರೆಸಿ ಕಳೆಯುವ ಗುರುತು ಹಾಕಿದ. ತಾಸಿಗೆ ಬರುವುದು ನಾಲ್ಕರಲ್ಲೊಂದು ಪಾಲು, ಹೋಗುವುದು ಆರರಲ್ಲೊಂದು, ತೊಟ್ಟಿಯಲ್ಲಿ ಉಳಿಯುವುದು ಹನ್ನೆರಡರಲ್ಲೊಂದೇ. ಹನ್ನೆರಡು ತಾಸು ಬೇಕು. ಹಾಗೆಯೇ, ಕೇಳದಿದ್ದರೂ, ಎಡಗೈ ಬಲಗೈಯ ಕಥೆಯನ್ನೂ, ಮಲಕವ್ವ ತಪ್ಪು ಕಂಡೇ ಎಡಗೈ ಎತ್ತಿದ್ದನ್ನೂ ಹೇಳಿ ಮುಗಿಸಿದ.

ಸಾಹೇಬರು ಪೆನ್ನು ಮುಚ್ಚಿ ಹುಡುಗಿಯ ಕಡೆ ತಿರುಗಿದರು. "ನಿನಗ ತಪ್ಪು ಅಂತ ಗೊತ್ತಿತ್ತಲ್ಲವಾ, ಯಾಕ ಹಂಗ ಹೇಳಿದಿ?"

"ನೀರು ಸೋರಾಕತ್ತಿದ್ರ ಲಗೂ ಹೆಂಗ ತುಂಬತೈತಿ ಅನಿಸ್ತರಿ," ಎಂದಳು ಮಲಕವ್ವ. "ಆದ್ರ ಮಾಸ್ತರು ಕಾಯಂ ಆಗಬೇಕಲ್ರಿ."

ಮಕ್ಕಳು ಯಾರೂ ನಗಲಿಲ್ಲ. ಗೊಲ್ಲಾಳಪ್ಪ ನಾಚಿಕೆಯಿಂದ ತಲೆ ತಗ್ಗಿಸಿದ.

ಸಾಹೇಬರು ಕೆಟ್ಟವರಲ್ಲ. ಹೊರಡುವಾಗ ಅವನನ್ನು ಬಾಗಿಲ ಬಳಿ ಕರೆದು, "ನೀವು ಖರೇ ಹೇಳಿದ್ರಿ, ಅದನ್ನ ಮೆಚ್ಚಿದೆ. ಆದ್ರ ಕೂಸಿನ ಬಾಯಾಗ ಸುಳ್ಳು ಬರೂ ಹಂಗ ಮಾಡಿದವರನ್ನ ಕಾಯಂ ಮಾಡ್ರಿ ಅಂತ ಬರಿಯಾಕ ನನಗ ಆಗೂದಿಲ್ಲ," ಎಂದರು. ಬಸ್ಸಿಗೆ ಹೊತ್ತಾಯಿತೆಂದು ನಡೆದರು.

ಮಾತು ಒಳಗೂ ಕೇಳಿಸಿತ್ತು. ಮಲಕವ್ವ ಇನ್ನೂ ನಿಂತೇ ಇದ್ದಳು, ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಗಂಟೆ ಆಗಲು ಇನ್ನೂ ಹೊತ್ತಿತ್ತು. ಗೊಲ್ಲಾಳಪ್ಪ ಸೀಮೆಸುಣ್ಣ ಆಕೆಯ ಕೈಗೆ ಕೊಟ್ಟು, ಹನ್ನೆರಡು ತಾಸು ಹೇಗೆ ಬಂತೆಂದು ಎಲ್ಲರಿಗೂ ತೋರಿಸಲು ಹೇಳಿದ. ಹುಡುಗಿ ಅಳುತ್ತಲೇ ಲೆಕ್ಕ ಮಾಡಿದಳು. ಒಂದೂ ತಪ್ಪಲಿಲ್ಲ.