ಕವಿತ ಬರೆದ ಮೂರು ಸಾಲು

ಆ ಬೆಳಿಗ್ಗೆ ಕವಿತ ಶಿಡ್ಲಘಟ್ಟದ ನಾಹಿದ್ ಅಂಗಡಿಗೆ ಬಂದ ಠೀವಿ ನೋಡಿದವರು ಯಾರಾದರೂ ಇವಳಿಗೆ ಕೆಲಸ ಸಿಕ್ಕೇ ಬಿಟ್ಟಿದೆ, ಇನ್ನು ಸಿಹಿ ಹಂಚುವುದೊಂದೇ ಬಾಕಿ ಅಂದುಕೊಳ್ಳಬೇಕಿತ್ತು. ಅವಳೂ ಹಾಗೇ ಅಂದುಕೊಂಡಿದ್ದಳು, ಪಾಪ.

ಎಂಟು ವರ್ಷದಿಂದ ಅವಳು ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಒಂದು ರೀಲಿಂಗ್ ಘಟಕದಲ್ಲಿ ನೂಲು ಪರೀಕ್ಷೆ ಮಾಡುತ್ತಿದ್ದಳು. ನೂಲು ದಪ್ಪ ಬಂತೋ ಸಣ್ಣ ಬಂತೋ ಅಂತ ಬೆರಳಲ್ಲಿ ಮುಟ್ಟಿಯೇ ಹೇಳುವವಳು. ಈ ತಿಂಗಳ ಕೊನೆಗೆ ಘಟಕ ಮುಚ್ಚುತ್ತದೆ ಅಂತ ಮಾಲೀಕರು ಹೇಳಿಯಾಗಿತ್ತು. ಅಷ್ಟರೊಳಗೆ ಇನ್ನೊಂದು ಕೆಲಸ ಹಿಡಿಯಬೇಕು. ಇಲ್ಲದಿದ್ದರೆ ಮನೆ ನಡೆಯುವುದಿಲ್ಲ, ಅಷ್ಟೇ.

"ನಾಹಿದಕ್ಕ, ಇದನ್ನ ನೋಡಿ ಮೊದಲು!" ಅಂತ ಕವಿತ ಮೊಬೈಲು ಮುಂದೆ ಹಿಡಿದಳು.

ನಾಹಿದ್ ರೆಸ್ಯೂಮ್ ಟೈಪು ಮಾಡಿಕೊಡುವುದರಲ್ಲಿ ಊರಿಗೇ ಹೆಸರಾದವಳು. ಅವಳದೊಂದು ಕಟ್ಟುನಿಟ್ಟಿತ್ತು: ಯಾವ ಕೆಲಸಕ್ಕೆ ಅರ್ಜಿ ಹಾಕುತ್ತಾರೋ ಅದರ ಜಾಹೀರಾತನ್ನೂ ಒಂದು ಪ್ರಿಂಟ್ ತೆಗೆದು ರೆಸ್ಯೂಮಿಗೆ ಪಿನ್ ಹೊಡೆದು ಫೈಲಲ್ಲಿ ಇಡುವುದು. ಯಾಕಕ್ಕಾ ಕಾಗದ ದಂಡ ಅಂತ ಗಿರಾಕಿಗಳು ರೇಗಿಸಿದರೆ, ಅವಳು ನಕ್ಕು ಪಿನ್ ಹೊಡೆಯುವಳು.

ಮೊಬೈಲಲ್ಲಿದ್ದದ್ದು ಕೆಲಸ ಹುಡುಕುವ ಆ್ಯಪಿನಲ್ಲಿ ಬಂದ, ಗೌರಿಬಿದನೂರಿನ ಒಂದು ಬಟ್ಟೆ ಕಾರ್ಖಾನೆಯ ಜಾಹೀರಾತು. ನೂಲಿನ ಗುಣಮಟ್ಟದ ಸೂಪರ್‌ವೈಸರ್, ಹುದ್ದೆ ಒಂದು, ತಕ್ಷಣ ಸೇರಬೇಕು. 'ನಿನ್ನೆ ಪ್ರಕಟ' ಅಂತ ಮೇಲೆ ಇತ್ತು. ಇದೇ ಹುದ್ದೆಗೆ ಕವಿತ ಆಗಲೇ ಮೂರು ಸಲ ಅರ್ಜಿ ಹಾಕಿದ್ದಳು. ಅಲ್ಲಿನ ಎಚ್‌ಆರ್ ವಿಭಾಗದಲ್ಲಿ ರೂಪ ಇದ್ದಳು. ಮೇಲೂರಿನ ಶಾಲೆಯಲ್ಲಿ ಒಂದೇ ಬೆಂಚಲ್ಲಿ ಕೂತು, ಒಂದೇ ಡಬ್ಬಿಯಲ್ಲಿ ಉಂಡವರು ಇಬ್ಬರೂ. ಪ್ರತಿ ಸಲವೂ ರೂಪ, "ಸ್ವಲ್ಪದರಲ್ಲಿ ತಪ್ಪಿಹೋಯ್ತು ಕಣೇ, ಜಾಹೀರಾತಿಗೆ ಮ್ಯಾಚ್ ಆಗ್ಲಿಲ್ಲ. ಇನ್ನೂ ವಿವರವಾಗಿ ಬರೆದು ಹಾಕು" ಅನ್ನುವಳು. ಕವಿತ ರಜಾ ಹಾಕಿ, ಎರಡೆರಡು ದಿನ ಕೂತು, ಪದ ಪದ ತಿದ್ದಿಸಿ ಕಳಿಸುವಳು.

"ಈ ಸಲ ನೋಡಿ ಅಕ್ಕ. ಗೂಡು ಬೇಯಿಸುವ ನೀರಿನ ಬಿಸಿ ನೋಡಿಕೊಂಡು ನೂಲು ಗಂಟಾಗದ ಹಾಗೆ ತಡೆದವರು ಬೇಕಂತೆ. ಕೊಯ್ಲಿಗೊಂದು ಥರ ಬರೋ ಗೂಡನ್ನ ಬೇರೆಬೇರೆ ಮಾಡಿ ಒಂದೇ ದಪ್ಪದ ನೂಲು ತೆಗೆಸಿದವರು ಬೇಕಂತೆ. ಹೊಸಬರಿಗೆ ಮುಟ್ಟಿ ನೋಡೋದು ಕಲಿಸಿದವರು ಬೇಕಂತೆ. ಇದು ನಾನೇ ಅಲ್ವಾ? ರೂಪ ನನಗೋಸ್ಕರಾನೇ ಬರೆಸಿದ್ದಾಳೆ!"

ಅವಳು ಹಾಗೆ ನಂಬಿದ್ದರಲ್ಲಿ ತಪ್ಪಿಲ್ಲ ಬಿಡಿ. ಒಳಗೆ ನಮ್ಮವರಿದ್ದರೆ ನಮಗೆ ಒಪ್ಪುವ ಹಾಗೆ ಅರ್ಹತೆ ಬರೆಸುತ್ತಾರೆ ಅನ್ನುವುದು ಈ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಅದೇ ಧೈರ್ಯದ ಮೇಲೆ ಕವಿತ ಹಿಂದಿನ ಸಂಜೆ ಇನ್ನೊಂದು ಕೆಲಸವನ್ನು ಬಿಟ್ಟುಕೊಟ್ಟಿದ್ದಳು. ಚಿಂತಾಮಣಿಯ ನೂಲು ಹುರಿ ಮಾಡುವ ಘಟಕದ ಮ್ಯಾನೇಜರ್ ಹರಿಕೃಷ್ಣ ಫೋನ್ ಮಾಡಿ, ನಾಳೆಯೇ ಬಂದು ಸೇರಿಕೊಳ್ಳಿ ಅಂದಿದ್ದರು. ಬೇಡ ಸಾರ್, ನನಗೆ ಗೌರಿಬಿದನೂರಲ್ಲಿ ಆಗ್ತಾ ಇದೆ ಅಂದುಬಿಟ್ಟಿದ್ದಳು ಮಹಾರಾಯಿತಿ.

ನಾಹಿದ್ ಎದ್ದು ಫೈಲು ತೆಗೆದು, ಹಳೆಯ ಮೂರು ಜಾಹೀರಾತುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು.

"ತಾರೀಖು ನೋಡಮ್ಮ. ನವೆಂಬರು, ಡಿಸೆಂಬರು, ಜನವರಿ. ಪ್ರತಿ ಸಲ 'ನಿನ್ನೆ ಪ್ರಕಟ', ಪ್ರತಿ ಸಲ 'ತಕ್ಷಣ'. ಹಳೇದನ್ನೇ ಮತ್ತೆ ಹಾಕಿದ್ರೂ ತಾರೀಖು ಹೊಸದಾಗಿಬಿಡುತ್ತೆ, ಅದನ್ನ ನಂಬಬಾರದು. ನಾಲ್ಕು ತಿಂಗಳಿಂದ ತಕ್ಷಣ ಬೇಕಾಗಿರೋ ಒಬ್ಬರು ಇನ್ನೂ ಸಿಕ್ಕಿಲ್ವಾ ಅವರಿಗೆ?"

ಕಾರ್ಖಾನೆಯ ಸ್ವಂತ ವೆಬ್‌ಸೈಟ್ ತೆಗೆದು ನೋಡಿದಳು. ಅಲ್ಲಿ ಎರಡು ಹುದ್ದೆ ಖಾಲಿ ಇದ್ದವು; ಇದರ ಸುಳಿವೇ ಇರಲಿಲ್ಲ. ಕಾರ್ಖಾನೆಯ ನಂಬರಿಗೆ ಫೋನ್ ಹಚ್ಚಿ, ನೂಲು ವಿಭಾಗದ ಸೂಪರ್‌ವೈಸರ್ ಇಂಟರ್‌ವ್ಯೂ ಯಾವತ್ತು ಅಂತ ಕೇಳಿದಳು. ಆ ಕಡೆಯವರು, "ಯಾವ ಇಂಟರ್‌ವ್ಯೂ? ಆ ಸೀಟಲ್ಲಿ ರಮೇಶ್‌ಬಾಬು ಸರ್ ಇದ್ದಾರಲ್ಲಾ, ಮೂರು ವರ್ಷದಿಂದ" ಅಂದರು.

ಕವಿತಳ ಮುಖ ಇಳಿಯಿತು. ಆದರೂ ಬಿಡಲಿಲ್ಲ. "ಮತ್ತೆ ನನ್ನ ಕೆಲಸಾನೇ ಹೇಗೆ ಬರೆದರು ಅಕ್ಕ?"

ನಾಹಿದ್ ಮೂರನೇ ರೆಸ್ಯೂಮನ್ನು ಎತ್ತಿ, ಹೊಸ ಜಾಹೀರಾತಿನ ಪಕ್ಕಕ್ಕೆ ಇಟ್ಟಳು. ಎರಡೂ ಇಂಗ್ಲಿಷಿನಲ್ಲಿದ್ದವು. ಜನವರಿಯಲ್ಲಿ ಕವಿತ ಎರಡು ದಿನ ತಲೆ ಕೆರೆದುಕೊಂಡು ಹೇಳಿ ಬರೆಸಿದ್ದ ಮೂರು ಸಾಲು, ಹೇಗಿದ್ದವೋ ಹಾಗೇ, ಜಾಹೀರಾತಿನಲ್ಲಿ ಕೂತಿದ್ದವು. ಕವಿತ ಬೆರಳಿಟ್ಟು ಇದನ್ನೂ ಅದನ್ನೂ ಎರಡು ಸಲ ಓದಿದಳು. ಅಲ್ಲೇ ನಿಂತು ರೂಪಳಿಗೆ ಫೋನ್ ಮಾಡಿದಳು.

"ನನ್ನ ರೆಸ್ಯೂಮಿಂದ ಎತ್ತಿ ಹಾಕಿದ್ದೀಯೇನೇ?"

ರೂಪ ಮೊದಲು ನಕ್ಕಳು, ಆಮೇಲೆ ತಡವರಿಸಿದಳು. "ಹಳೇದನ್ನೇ ಹಾಕಿದ್ರೆ ಜನ ಗುರುತು ಹಿಡೀತಾರೆ, ಮಾತು ಬದಲಾಯಿಸು ಅಂದ್ರು ಕಣೇ ಸಾಹೇಬ್ರು. ನನಗೆ ನೂಲಿನ ವಿಷಯ ಏನು ಗೊತ್ತು? ನಿಂದು ಚೆನ್ನಾಗಿತ್ತು, ತಗೊಂಡೆ."

"ಕೆಲಸ ಇದೆಯಾ ಇಲ್ವಾ? ಅದನ್ನ ಹೇಳು."

"ಮುಂದೆ ದೊಡ್ಡ ಆರ್ಡರ್ ಬಂದ್ರೆ ಬೇಕಾಗಬಹುದು ಅಂತ ರೆಸ್ಯೂಮ್ ಕೂಡಿಟ್ಕೊಳ್ತಾರೆ. ಒಳಗಿರೋರಿಗೂ ಸ್ವಲ್ಪ ಹೆದರಿಕೆ ಇರಲಿ ಅಂತ. ನಾನು ತಿಂಗಳಿಗೆ ಐವತ್ತು ಬಂದಿವೆ ಅಂತ ತೋರಿಸಬೇಕು ಕಣೇ."

"ಹಾಗಾದ್ರೆ ನಾನು ಅದರಲ್ಲಿ ಒಂದು."

"ಹಾಗ್ಯಾಕೆ ಅಂತೀಯ..."

"ನಾಲ್ಕು ತಿಂಗಳಲ್ಲಿ ಒಂದು ಮಾತು ಹೇಳೋಕೆ ಆಗ್ಲಿಲ್ವೇನೇ ನಿನಗೆ? ಬೇಡ ಕವಿತಾ, ಇದು ಸುಳ್ಳು ಅಂತ? ಒಂದೇ ಡಬ್ಬಿಯಲ್ಲಿ ತಿಂದೋಳು ನೀನು!" ರೂಪ ಆಮೇಲೆ ಮಾಡ್ತೀನಿ, ಸಾಹೇಬ್ರು ಬಂದ್ರು ಅಂತ ಇಟ್ಟುಬಿಟ್ಟಳು.

ಕವಿತ ಚಿಂತಾಮಣಿಗೆ ಫೋನ್ ಹಚ್ಚಿದಳು. ಹರಿಕೃಷ್ಣ ಒಳ್ಳೆಯ ಮನುಷ್ಯ, ನಿಧಾನವಾಗಿಯೇ ಹೇಳಿದರು: "ಅಯ್ಯೋ, ನೀವು ಬೇಡ ಅಂದ್ರಲ್ಲಮ್ಮ. ಇನ್ನೊಬ್ಬರು ಬೆಳಿಗ್ಗೆ ಎಂಟಕ್ಕೇ ಬಂದು ಸೇರಿಕೊಂಡ್ರು. ಜಾಹೀರಾತೂ ತೆಗೆಸಿಬಿಟ್ವಿ."

ಕವಿತ ಅದನ್ನು ಹುಡುಕಿದಳು. ನಿಜವಾಗಿಯೂ ಇರಲಿಲ್ಲ. ಒಂಬತ್ತೇ ದಿನ ಇದ್ದು ಹೋಗಿತ್ತು ಅದು. ಗೌರಿಬಿದನೂರಿನದು ಮಾತ್ರ ಅಲ್ಲೇ ಇತ್ತು.

ನಾಹಿದ್ ಕುರ್ಚಿ ಎಳೆದು ಅವಳನ್ನು ಕೂರಿಸಿ, ನೀರು ಕೊಟ್ಟಳು. "ನಂದೂ ತಪ್ಪಿದೆ ಕವಿತಾ. ಪಿನ್ ಹೊಡೆದು ಹೊಡೆದು ಇಟ್ಟೆ, ಒಂದು ಸಲಾನೂ ಪಕ್ಕ ಪಕ್ಕ ಇಟ್ಟು ನೋಡ್ಲಿಲ್ಲ." ಅವತ್ತಿಂದ ಅವಳು ಮೊದಲು ಫೈಲು ನೋಡಿ, ಆಮೇಲೆ ಫೋನ್ ಮಾಡಿ ಕೇಳಿ, ಕೊನೆಗೆ ಟೈಪಿಗೆ ಕೂರುತ್ತಾಳೆ. ಅವತ್ತೇ ಗೌರಿಬಿದನೂರಿನ ಜಾಹೀರಾತಿನ ಕೆಳಗೆ ದೂರು ಕೊಡುವ ಜಾಗ ತೋರಿಸಿದಳು, ಕವಿತ ಒತ್ತಿದಳು. ಆ್ಯಪು ಧನ್ಯವಾದ ಅಂದಿತು, ಅಷ್ಟೇ.

ತಿಂಗಳು ಮುಗಿಯಿತು, ರೀಲಿಂಗ್ ಘಟಕಕ್ಕೆ ಬೀಗ ಬಿತ್ತು. ಮಾರ್ಚಿನಲ್ಲಿ ಕವಿತ ಬೇರೊಂದು ಅರ್ಜಿಗೆಂದು ನಾಹಿದ್ ಅಂಗಡಿಯಲ್ಲಿ ಕೂತಿದ್ದಾಗ, ಅಲೀಪುರದ ಕಡೆಯಿಂದ ಮಧುಸೂದನ್ ಅನ್ನುವವನು ಬಂದ. ಅವನದೂ ನೂಲಿನ ಕೆಲಸವೇ. ಮೊಬೈಲು ತೆಗೆದು ಉತ್ಸಾಹದಿಂದ ತೋರಿಸಿದ.

"ನಿನ್ನೆ ತಾನೇ ಬಿಟ್ಟಿದ್ದಾರೆ ಅಕ್ಕ. ನೋಡಿ, ಗೂಡು ಬೇಯಿಸೋ ನೀರಿನ ಬಿಸಿವರೆಗೂ ಬರೆದಿದ್ದಾರೆ. ಬರೆದೋರು ಯಾರೋ ಕೆಲಸ ಚೆನ್ನಾಗಿ ಬಲ್ಲೋರು."

ನಾಹಿದ್ ತಲೆ ತಗ್ಗಿಸಿ ಫೈಲಿನ ಕಡೆ ಕೈ ಚಾಚಿದಳು. ಕವಿತ ತಡೆದಳು.

"ಬಲ್ಲೋಳು ಹೌದಪ್ಪ" ಅಂದಳು. "ಅದನ್ನ ಬರೆದೋಳು ನಾನು. ನನಗೂ ಅಲ್ಲಿ ಕೆಲಸ ಇಲ್ಲ."