ಸುಮ್ಮನಿದ್ದ ಮೂರನೆಯ ವಿಮಾನ

ಕಣ್ಗಾವಲು ವಿಮಾನದಲ್ಲಿ ರಾಜಶ್ರೀ ಕೂತಲ್ಲಿ ಕಿಟಕಿಯಿಲ್ಲ. ವಿಮಾನದ ಬೆನ್ನ ಮೇಲಿನ ರಾಡಾರ್ ನೂರಾರು ಕಿಲೋಮೀಟರ್ ದೂರ ಕಂಡದ್ದೆಲ್ಲ ಅವಳ ಪರದೆಯ ಮೇಲೆ ಚುಕ್ಕೆಯಾಗಿ ಮೂಡುತ್ತದೆ. ಗಡಿ ಬಿಗಿಯಾಗಿದ್ದ ದಿನಗಳು. ಸಮುದ್ರದ ಮೇಲಿನ ಕಾವಲಿಗೆ ಅವಳ ಕೈಯಲ್ಲಿದ್ದದ್ದು ನಾಲ್ಕೇ ಯುದ್ಧವಿಮಾನ. ಹಿಂದೆ ಇಂಧನದ ಟ್ಯಾಂಕರ್ ವಿಮಾನ ಸುತ್ತು ಹಾಕುತ್ತಿತ್ತು. ಅದರಿಂದಾಗಿ ಆ ನಾಲ್ಕೇ ನೆಲಕ್ಕಿಳಿಯದೆ ಹತ್ತರ ಕೆಲಸ ಮಾಡುತ್ತಿದ್ದವು.

ಯಾರು ಯಾವಾಗ ಟ್ಯಾಂಕರಿಗೆ ಹೋಗಬೇಕೆಂದು ಹೇಳುವವಳು ಅವಳೇ. ಮೂರನೆಯ ವಿಮಾನದ ಯಶ ತನ್ನ ಸರದಿಯನ್ನು ಇನ್ನೊಬ್ಬನಿಗೆ ಬಿಟ್ಟುಕೊಟ್ಟಿದ್ದ. ಬೆಳಿಗ್ಗೆಯಿಂದ ರೇಡಿಯೋದಲ್ಲಿ ಎಲ್ಲರ ಕಾಲೆಳೆಯುತ್ತಿದ್ದವನು ಈಗ ಇಂಧನ ಎಷ್ಟಿದೆಯೆಂದು ಕೇಳಿದಾಗ ಮಾತ್ರ ‘ಸಾಕಷ್ಟಿದೆ’ ಎನ್ನುತ್ತಿದ್ದ.

ಬೀಳಗಿ ಕಡೆ ಕುರಿ ಕಾಯುವ ಅವಳಪ್ಪ ಜಕ್ಕಪ್ಪ, ಹಿಂಡನ್ನು ನೀರಿಗೆ ಹೊಡೆಯುವಾಗ ಒದರುವ ಕುರಿಯ ಕಡೆ ನೋಡುತ್ತಿರಲಿಲ್ಲ. ಒದರುವುದನ್ನು ನಿಲ್ಲಿಸಿದ್ದು ಯಾವುದೆಂದು ಹುಡುಕುತ್ತಿದ್ದ.

ಯಶ ಗುರುತಿಲ್ಲದ ವಿಮಾನಗಳನ್ನು ಎರಡು ಸಲ ಪೂರ್ಣ ವೇಗದಲ್ಲಿ ಬೆನ್ನಟ್ಟಿದ್ದ. ರಾಜಶ್ರೀ ಲೆಕ್ಕ ಹಾಕಿದಳು. ‘ಸಾಕಷ್ಟು’ ಬೇಡ, ಎಷ್ಟು ನಿಮಿಷದ ಇಂಧನವೆಂದು ಅಂಕಿ ಹೇಳು ಎಂದಳು. ತಡೆದು ಉತ್ತರ ಬಂತು: ಹನ್ನೆರಡು ನಿಮಿಷ. ದಡ ಮೂವತ್ತು ನಿಮಿಷ ದೂರವಿತ್ತು. ಟ್ಯಾಂಕರ್ ನೂರಾ ಅರವತ್ತು ಕಿಲೋಮೀಟರ್. ಅವನೊಬ್ಬನೇ ಹಾರಿದರೆ ಅಲ್ಲಿಗೆ ಮುಟ್ಟುವುದರಲ್ಲೇ ಹನ್ನೊಂದು ನಿಮಿಷ; ಇಂಧನ ಹಿಡಿಯಲು ಉಳಿಯುವುದು ಒಂದೇ.

ಅವಳು ತಂಡದ ಮುಖ್ಯಸ್ಥ, ಮುಧೋಳದ ಶಿವಪುತ್ರನ ಕಡೆ ತಿರುಗಿದಳು.

“ಸರ್, ಟ್ಯಾಂಕರ್ ಮುಂದ ತರ್ತೇನ್ರಿ.”

“ಟ್ಯಾಂಕರಿಗೆ ಹಾಕಿದ ಗೆರಿ ದಾಟಿದ್ರ ವೈರಿ ಕ್ಷಿಪಣಿಗೆ ಸಿಗತೈತವ್ವಾ. ಅದು ಹೋದ್ರ ನಾಲ್ಕೂ ಹೋದ್ಹಂಗ.”

“ಅವರು ಇನ್ನೂ ಮುನ್ನೂರು ಕಿಲೋಮೀಟರ್ ಆಚಿ ಅದಾರ್ರಿ. ನಮಗ ಕಾಣಾಕತ್ತೈತಿ. ಎಂಟು ನಿಮಿಷ ಕೊಡ್ರಿ.”

ಶಿವಪುತ್ರ ಪರದೆಯನ್ನೇ ನೋಡಿದ. “ಎಂಟು. ಒಂಬತ್ತು ಕೇಳಬ್ಯಾಡ.”

ಟ್ಯಾಂಕರ್ ಯಶನ ಎದುರಿಗೆ ಹೊರಟಿತು. ಉಳಿದ ಮೂವರನ್ನು ಅವಳು ವೈರಿಯ ಬದಿಗೆ ಅಡ್ಡ ನಿಲ್ಲಿಸಿದಳು. ಇನ್ನು ಟ್ಯಾಂಕರ್ ಯಾವಾಗ ಮನೆಯ ದಿಕ್ಕಿಗೆ ಹೊರಳಬೇಕು ಎನ್ನುವುದೇ ಎಲ್ಲ. ಬೇಗ ಹೊರಳಿದರೆ ಯಶ ಅದರ ಬಾಲ ಹಿಡಿದು ಓಡುತ್ತಲೇ ಇಂಧನ ಸುಡುತ್ತಾನೆ. ತಡವಾದರೆ ಅದನ್ನು ದಾಟಿ ಮುಂದೆ ಹೋಗಿಬಿಡುತ್ತಾನೆ. ನಡುವಿನ ಅಂತರ ನಲವತ್ತು ಕಿಲೋಮೀಟರಿಗಿಳಿದಾಗ ಹೊರಳಲು ಹೇಳಿದಳು. ಎರಡು ನಿಮಿಷದಲ್ಲಿ ಟ್ಯಾಂಕರ್ ಅವನ ಮುಂದಿತ್ತು, ಮುಖ ದಡದ ಕಡೆಗೆ.

ಚುಕ್ಕೆಗಳೆರಡೂ ಕೂಡಿದವು. ಆಮೇಲಿನದು ರಾಡಾರಿಗೆ ಕಾಣುವಂಥದ್ದಲ್ಲ. ಟ್ಯಾಂಕರಿನಿಂದ ಇಳಿಬಿಟ್ಟ ಕೊಳವೆಯ ತುದಿಯ ಬುಟ್ಟಿಗೆ ಅವನು ತನ್ನ ವಿಮಾನದ ಮೂತಿಯ ನಳಿಗೆಯನ್ನು ಸೇರಿಸಬೇಕು. ಮೊದಲ ಸಲ ತಪ್ಪಿತೆಂದು ಟ್ಯಾಂಕರಿನವರು ಹೇಳಿದರು. ಎರಡನೆಯ ಸಲ ಸಿಕ್ಕಿತು. ಇಂಧನ ಹರಿಯತೊಡಗಿದಾಗ ಏಳೂವರೆ ನಿಮಿಷವಾಗಿತ್ತು.

ಯಶ ಏನೋ ತಮಾಷೆ ಮಾಡಿದ. ಇನ್ನು ಮುಂದೆ ಅಂಕಿ ಬಿಟ್ಟು ಬೇರೆ ಉತ್ತರ ತನಗೆ ಬೇಡವೆಂದಳು. ನಾಲ್ಕನೆಯವನ ದನಿ ಬಹಳ ಹೊತ್ತಿನಿಂದ ಕೇಳಿರಲಿಲ್ಲ. ರಾಜಶ್ರೀ ಅವನನ್ನು ಕರೆದಳು.